ಬಸ್ಸಿನ ನಷ್ಟ ಯಾರ ಲೆಕ್ಕಕ್ಕೆ?

*ಡಿಪೋ, ರೂಟು, ನಿಲ್ದಾಣದ ಕಟ್ಟಡ: ಮೂರೂ ಒಂದೇ ಸಂಸ್ಥೆಯವು. ಆದರೆ ಮೂರನ್ನೂ ಅಳೆಯುವ ಕೋಲು ಬೇರೆ ಬೇರೆ*

ಗೋವಿಂದರಾಜನಗರಕ್ಕೆ ಹತ್ತಿರದ ವಿಜಯನಗರ ಬಸ್ ನಿಲ್ದಾಣದಲ್ಲಿ ಕೆಳಗೆ ಬಸ್ಸುಗಳು ಬಂದು ಹೋಗುತ್ತವೆ, ಮೇಲೆ ಬಾಡಿಗೆಗೆ ಕೊಡುವ ಮಳಿಗೆ, ಕಚೇರಿಗಳಿವೆ. ಕೇಂದ್ರದ ಜೆ-ನರ್ಮ್ ಯೋಜನೆಯಡಿ ಬಿಎಂಟಿಸಿ ಕಟ್ಟಿದ ಟಿಟಿಎಂಸಿಗಳಲ್ಲಿ ಇದೂ ಒಂದು, ಕೆಂಗೇರಿಯಲ್ಲಿ ಇನ್ನೊಂದಿದೆ. ಬಸ್ ಹೊರಡುವ ಡಿಪೋ, ಅದು ಓಡುವ ರೂಟು, ನಿಲ್ಲುವ ಕಟ್ಟಡ ಈ ಮೂರನ್ನೂ ಒಟ್ಟಿಗೆ ಸೇರಿಸಿ ‘ಸಂಸ್ಥೆ ನಷ್ಟದಲ್ಲಿದೆ’ ಎಂದುಬಿಟ್ಟರೆ ಯಾರನ್ನೂ ಪ್ರಶ್ನಿಸಲಾಗದು. ಜವಾಬ್ದಾರಿ ಲೆಕ್ಕಪದ್ಧತಿ ಕೇಳುವುದು ಬೇರೆ: ಈ ಖರ್ಚನ್ನು ಹೆಚ್ಚಿಸುವ, ಇಳಿಸುವ ಅಧಿಕಾರ ಯಾರ ಕೈಯಲ್ಲಿತ್ತು?

ಡಿಪೋ: ವೆಚ್ಚ ಕೇಂದ್ರ

ಟಿಕೆಟ್ ದರ ಡಿಪೋ ಮ್ಯಾನೇಜರ್ ಕೈಯಲ್ಲಿಲ್ಲ, ಡೀಸೆಲ್ ಬೆಲೆಯೂ ಇಲ್ಲ. ಗಾಡಿಯ ರಿಪೇರಿ, ಟೈರಿನ ನಿಗಾ, ಚಾಲಕರ ಓಡಿಸುವ ರೀತಿ ಮಾತ್ರ ಅವರ ಹಿಡಿತದಲ್ಲಿವೆ. ಆದ್ದರಿಂದ ಡಿಪೋದಲ್ಲಿ ದಿನಬೆಳಗಾದರೆ ಕೇಳುವ ಮಾತು ಕೆಎಂಪಿಎಲ್, ಅಂದರೆ ಲೀಟರಿಗೆ ಓಡಿದ ಕಿಲೋಮೀಟರ್.

ಲೆಕ್ಕಕ್ಕೆಂದು ಒಂದು ಡಿಪೋ ಹಿಡಿಯೋಣ. ತಿಂಗಳಿಗೆ 6 ಲಕ್ಷ ಕಿ.ಮೀ., ಲೀಟರಿಗೆ 4 ಕಿ.ಮೀ., ಲೀಟರಿಗೆ ₹88 ಎಂಬುದು ಅಂದಾಜು. ಅಂದರೆ 1.5 ಲಕ್ಷ ಲೀಟರ್. ಬಸ್ಸುಗಳು ಕೆಟ್ಟು ನಿಂತದ್ದರಿಂದ ಓಡಿದ್ದು 5.4 ಲಕ್ಷ ಕಿ.ಮೀ. ಮಾತ್ರ, ಸುಟ್ಟದ್ದು 1.38 ಲಕ್ಷ ಲೀಟರ್. ನೋಡಿದರೆ 12,000 ಲೀಟರ್ ಉಳಿತಾಯ!

ಆದರೆ 5.4 ಲಕ್ಷ ಕಿ.ಮೀ.ಗೆ ಬೇಕಿದ್ದುದು 1.35 ಲಕ್ಷ ಲೀಟರ್. ಹಾಗಾಗಿ ಉಳಿತಾಯವಲ್ಲ, 3,000 ಲೀಟರ್ ಹೆಚ್ಚುವರಿ ಖರ್ಚು; ₹88ರಂತೆ ₹2.64 ಲಕ್ಷ. ಇದು ಡಿಪೋ ತಲೆಗೆ. ಈ ನಡುವೆ ಡೀಸೆಲ್ ₹90 ಆಗಿದ್ದರೆ 1.38 ಲಕ್ಷ ಲೀಟರಿಗೆ ಎರಡು ರೂಪಾಯಿಯಂತೆ ಇನ್ನೂ ₹2.76 ಲಕ್ಷ ಹೆಚ್ಚು. ಇದು ಮಾರುಕಟ್ಟೆಯದು, ಮ್ಯಾನೇಜರ್‌ಗೆ ಸೇರುವುದಿಲ್ಲ. ವರದಿಯಲ್ಲಿ ಇವೆರಡನ್ನೂ ಒಂದೇ ಸಾಲಿಗೆ ಸೇರಿಸಿ ₹5.40 ಲಕ್ಷ ಎಂದು ಬರೆದರೆ ಡಿಪೋ ವೆಚ್ಚ ಕೇಂದ್ರವಾಗಿರುವುದು ಹೆಸರಿಗಷ್ಟೇ.

ರೂಟು: ಲಾಭ ಕೇಂದ್ರ

ಲಾಭ ಕೇಂದ್ರದ ಮುಖ್ಯಸ್ಥರಿಗೆ ಖರ್ಚಿನ ಜೊತೆ ಗಳಿಕೆಯ ಹೊಣೆಯೂ ಇರುತ್ತದೆ. ಸಾರಿಗೆಯಲ್ಲಿ ಇದನ್ನು ಇಪಿಕೆಎಂ, ಸಿಪಿಕೆಎಂಗಳಲ್ಲಿ ನೋಡುತ್ತಾರೆ: ಕಿಲೋಮೀಟರಿಗೆ ಬಂದದ್ದೆಷ್ಟು, ಹೋದದ್ದೆಷ್ಟು. ಎಷ್ಟು ಗಾಡಿ, ಯಾವ ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಎಂದು ನಿರ್ಧರಿಸುವವರಿಗೆ ಈ ಅಳತೆ ಒಪ್ಪುತ್ತದೆ. ಆ ಅಧಿಕಾರ ಕೊಡದೆ ಗಳಿಕೆಯನ್ನು ಮಾತ್ರ ಕೇಳಿದರೆ ಅನ್ಯಾಯ.

2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ವಿಜಯನಗರ, ಅತ್ತಿಗುಪ್ಪೆ ಮೂಲಕ ಮೆಟ್ರೊ ಓಡತೊಡಗಿತು. ಅದರ ಪಕ್ಕದಲ್ಲೇ ಸಾಗುವ ಬಸ್ ರೂಟಿನ ಗಳಿಕೆ ಇಳಿದರೆ ಡಿಪೋವನ್ನು ದೂರಿ ಫಲವಿಲ್ಲ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯದು ಇನ್ನೊಂದು ಪಾಠ. ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಆ ಹಣ ಸರ್ಕಾರ ಕೊಡಬೇಕು. ನಗದು ಸಂಗ್ರಹವನ್ನೇ ಗಳಿಕೆ ಎಂದುಕೊಂಡರೆ ಕಿಕ್ಕಿರಿದ ಬಸ್ಸೂ ನಷ್ಟದ ಬಸ್ಸಿನಂತೆ ಕಾಣುತ್ತದೆ. ಶೂನ್ಯ ಟಿಕೆಟ್‌ಗಳ ಮೌಲ್ಯವನ್ನೂ ರೂಟಿನ ಖಾತೆಗೆ ಜಮಾ ಮಾಡಿದಾಗಲೇ ಹೋಲಿಕೆ ಸರಿಯಾಗುತ್ತದೆ.

ಕಟ್ಟಡ: ಹೂಡಿಕೆ ಕೇಂದ್ರ

ಟಿಟಿಎಂಸಿಗೆ ಬಾಡಿಗೆ ಬಂತು, ನಿರ್ವಹಣೆ ಕಳೆದು ಲಾಭ ಉಳಿಯಿತು ಎಂದರೆ ಸಾಲದು. ಹಾಕಿದ ಬಂಡವಾಳದ ಮೇಲೆ ಎಷ್ಟು ಬಂತು ಎಂಬುದೇ ಇಲ್ಲಿ ಪ್ರಶ್ನೆ. ಉದಾಹರಣೆಗೆ ₹60 ಕೋಟಿ ಹಾಕಿದ ಕಟ್ಟಡದಿಂದ ವರ್ಷಕ್ಕೆ ₹3 ಕೋಟಿ ಉಳಿದರೆ ಪ್ರತಿಫಲ ಶೇ 5. ಆ ಬಂಡವಾಳಕ್ಕೆ ಸಂಸ್ಥೆ ಶೇ 8 ತೆರುತ್ತಿದ್ದರೆ ಅದರ ಖರ್ಚೇ ₹4.8 ಕೋಟಿ. ಲಾಭ ಕೇಂದ್ರವಾಗಿ ₹3 ಕೋಟಿ ಗಳಿಸಿದ ಅದೇ ಕಟ್ಟಡ ಹೂಡಿಕೆ ಕೇಂದ್ರವಾಗಿ ₹1.8 ಕೋಟಿ ಹಿಂದೆ ಬಿದ್ದಿದೆ. ಖಾಲಿ ಮಳಿಗೆಗಳ ನಿಜವಾದ ಬೆಲೆ ಗೊತ್ತಾಗುವುದು ಈ ಲೆಕ್ಕದಲ್ಲೇ.

ಶೇಕಡಾವಾರು ಪ್ರತಿಫಲವನ್ನೇ ನೆಚ್ಚಿದರೂ ಎಡವಟ್ಟಾಗುತ್ತದೆ. ಈಗಾಗಲೇ ಶೇ 12 ತರುತ್ತಿರುವ ಕಟ್ಟಡದ ಮುಖ್ಯಸ್ಥರು ಶೇ 10 ತರುವ ಹೊಸ ಪಾರ್ಕಿಂಗ್ ಬೇಡವೆನ್ನುತ್ತಾರೆ, ತಮ್ಮ ಸರಾಸರಿ ಇಳಿಯುತ್ತದಲ್ಲ! ಸಂಸ್ಥೆಗಾದರೋ ಶೇ 8ಕ್ಕಿಂತ ಹೆಚ್ಚಿನದೆಲ್ಲ ಲಾಭವೇ. ಅದಕ್ಕಾಗಿಯೇ ಬಂಡವಾಳದ ಖರ್ಚು ಕಳೆದು ಉಳಿದ ರೂಪಾಯಿಯನ್ನೂ ನೋಡಬೇಕು. ಇನ್ನು ದಶಕಗಳ ಹಿಂದೆ ಸಿಕ್ಕ ಜಾಗಕ್ಕೆ ಪುಸ್ತಕದಲ್ಲಿ ಹಳೆಯ ಬೆಲೆಯೇ ಉಳಿದಿದ್ದರೆ ಪ್ರತಿಫಲ ಸುಮ್ಮನೆ ಉಬ್ಬುತ್ತದೆ.

ಬೋರ್ಡಿನ ಮೇಲೆ ‘ಲಾಭ ಕೇಂದ್ರ’ ಎಂದು ಬರೆದ ಮಾತ್ರಕ್ಕೆ ಡಿಪೋ ಲಾಭ ಕೇಂದ್ರವಾಗುವುದಿಲ್ಲ. ಡೀಸೆಲ್ ಉಳಿಸುವುದಷ್ಟೇ ಕೈಯಲ್ಲಿದ್ದರೆ ವೆಚ್ಚ ಕೇಂದ್ರ, ವೇಳಾಪಟ್ಟಿಯನ್ನೂ ಬದಲಿಸಬಹುದಾದರೆ ಲಾಭ ಕೇಂದ್ರ, ಹೊಸ ಬಸ್ ಕೊಳ್ಳುವ, ಕಟ್ಟಡ ಕಟ್ಟುವ ನಿರ್ಧಾರಕ್ಕೂ ಸಹಿ ಹಾಕುವುದಾದರೆ ಹೂಡಿಕೆ ಕೇಂದ್ರ. ಸಹಿ ಎಲ್ಲಿಯವರೆಗೆ ನಡೆಯುತ್ತದೋ ಹೊಣೆಯೂ ಅಲ್ಲಿಯವರೆಗೇ.