ಚೀಟಿಯಲ್ಲಿ ಇಲ್ಲದ ಬೆಲ್ಲ

ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ಕನ್ನಡ ಕಲಿಸುವ ಅಭ್ಯಾಸ ಹಾಳೆಗಳಲ್ಲಿ ಅಂಗಡಿಯ ಸಂಭಾಷಣೆ ಇದ್ದೇ ಇರುತ್ತದೆ. 'ನಮಸ್ಕಾರ, ನನಗೆ ಒಂದು ಕಿಲೋಗ್ರಾಂ ಸಕ್ಕರೆ ಬೇಕಾಗಿದೆ' ಎಂದು ಒಬ್ಬರು ಓದುತ್ತಾರೆ, 'ತೆಗೆದುಕೊಳ್ಳಿ' ಎಂದು ಇನ್ನೊಬ್ಬರು. ಇಬ್ಬರ ಕೈಯಲ್ಲೂ ಒಂದೇ ಹಾಳೆ. ಎದುರಿನವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿದ್ದರೆ ಕಿವಿಗೆ ಕೆಲಸವೇ ಇಲ್ಲ. ಅದು ಓದಿನ ಪಾಠವಾಗುತ್ತದೆ, ಮಾತಿನದ್ದಲ್ಲ.

ಉಪಾಯ ಸರಳ: ಹಾಳೆಯನ್ನು ಎರಡು ಚೀಟಿ ಮಾಡುವುದು. ಗ್ರಾಹಕರ ಚೀಟಿಯಲ್ಲಿ ಬೇಕಾದ ಸಾಮಾನು, ಕೈಯಲ್ಲಿರುವ ದುಡ್ಡು: ಅರ್ಧ ಕೆಜಿ ತೊಗರಿಬೇಳೆ, ಒಂದು ಕೆಜಿ ಸಕ್ಕರೆ, ಕಾಲು ಕೆಜಿ ಉಂಡೆ ಬೆಲ್ಲ, 200 ರೂಪಾಯಿ ನೋಟು, ಒಂದಿಷ್ಟು ಚಿಲ್ಲರೆ. ಅಂಗಡಿಯವರ ಚೀಟಿಯಲ್ಲಿ ಬರೀ ದರ: ಬೇಳೆ ಕೆಜಿಗೆ 160, ಸಕ್ಕರೆ 46, ಅಚ್ಚು ಬೆಲ್ಲ 60. ಉಂಡೆ ಬೆಲ್ಲ ಅಲ್ಲಿಲ್ಲ. ಬೇಕೆಂದೇ ಬಿಟ್ಟದ್ದು. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ಆಗ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

– ಅಣ್ಣಾ, ತೊಗರಿಬೇಳೆ ಹೇಗೆ?
– ಕೆಜಿ ನೂರ ಅರವತ್ತು. ಎಷ್ಟು ಕೊಡ್ಲಿ ಮೇಡಂ?
– ಅರ್ಧ ಕೆಜಿ ಕೊಡಿ. ಸಕ್ಕರೆ ಒಂದು ಕೆಜಿ. ಉಂಡೆ ಬೆಲ್ಲ ಇದ್ಯಾ?
– ಉಂಡೆ ಖಾಲಿ ಆಗಿದೆ. ಅಚ್ಚು ಬೆಲ್ಲ ಇದೆ, ಅರವತ್ತು.
– ಸರಿ, ಅದೇ ಕಾಲು ಕೆಜಿ ಹಾಕಿ.
– ಮತ್ತೇನ್ ಬೇಕು?
– ಅಷ್ಟೇ. ಎಷ್ಟಾಯ್ತು?
– ನೂರ ನಲವತ್ತೊಂದು.
– ತಗೊಳ್ಳಿ.
– ಇನ್ನೂರಾ? ಒಂದ್ರೂಪಾಯಿ ಚಿಲ್ಲರೆ ಇದ್ರೆ ಕೊಡಿ.

ನಿಜವಾದ ಪರೀಕ್ಷೆ ಈ ಕೊನೆಯ ಸಾಲಿನಲ್ಲಿದೆ. ಬೇಳೆಗೆ 80, ಸಕ್ಕರೆಗೆ 46, ಬೆಲ್ಲಕ್ಕೆ 15. ಒಂದು ರೂಪಾಯಿ ಕೊಟ್ಟವರಿಗೆ 60 ವಾಪಸ್ ಬರಬೇಕು. ತನಗೆ ಬಂದ ಚಿಲ್ಲರೆಯನ್ನು ಗ್ರಾಹಕರು ಚೀಟಿಯ ತಳದಲ್ಲಿ ಬರೆಯುತ್ತಾರೆ. ಅಲ್ಲಿ 59 ಎಂದಿದ್ದರೆ ಆ ಮಾತು ಅವರ ಕಿವಿಗೆ ಬಿದ್ದಿಲ್ಲ. 45 ಎಂದಿದ್ದರೆ ಬೆಲ್ಲದ ಕಾಲು ಕೆಜಿ ಅರ್ಧ ಕೆಜಿ ಆಗಿಬಿಟ್ಟಿರಬಹುದು.

ತಿದ್ದುವಾಗ ಕೈ ಸ್ವಲ್ಪ ಬಿಗಿಹಿಡಿಯಬೇಕು. 'ನಾನು ಸಕ್ಕರೆ ಬೇಕು' ಎಂಬುದು ಕಲಿಯುವವರ ಸಾಮಾನ್ಯ ತಪ್ಪು; ಅಂಗಡಿಯವರಿಗೆ ಹೇಗೂ ಅರ್ಥವಾಗುತ್ತದೆ, ಸಂಭಾಷಣೆ ಮುಗಿದ ಮೇಲೆ ಹೇಳಿದರಾಯಿತು. 'ಕೊಡು' ಎಂದರೆ ಮಾತ್ರ ಅಲ್ಲೇ ತಡೆಯುವುದು ಒಳ್ಳೆಯದು. ಅರ್ಥ ಕೆಡುವುದಿಲ್ಲ, ಆದರೆ ವಯಸ್ಸಿನಲ್ಲಿ ಹಿರಿಯ ಅಂಗಡಿಯವರ ಮುಖ ಕೆಡುತ್ತದೆ. 'ನನಗೆ' ಎಂಬುದನ್ನೂ ಪ್ರತಿ ಸಾಲಿನಲ್ಲಿ ಹೇಳಿಸಬೇಕಾಗಿಲ್ಲ, ಕೌಂಟರಿನ ಮುಂದೆ ನಿಂತವರಿಗೆ ಅದರ ಅಗತ್ಯ ಬೀಳುವುದೇ ಕಡಿಮೆ.

ಈಗಿನ ಒಂದು ತೊಡಕೂ ಇದೆ. ಜಾಣ ಗ್ರಾಹಕರು 'ಸ್ಕ್ಯಾನ್ ಮಾಡ್ಲಾ?' ಎಂದು ಫೋನ್ ತೆಗೆದರೆ ಚಿಲ್ಲರೆಯ ಮಾತೇ ತಪ್ಪಿಹೋಗುತ್ತದೆ. ಅದಕ್ಕೇ ಅಂಗಡಿಯವರ ಚೀಟಿಯಲ್ಲಿ 'ಇವತ್ತು ನೆಟ್‌ವರ್ಕ್ ಇಲ್ಲ' ಎಂದು ಮೊದಲೇ ಬರೆದಿಡುವುದು ಕ್ಷೇಮ.