ಕೂಸಿನ ಮಂಚಕ್ಕೆ ಸೊಳ್ಳೆ ಪರದೆ: ಗಾಳಿಯೂ ಬೇಕು, ಜೋಪಾನವೂ ಬೇಕು

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲಿ. ಬೆಳಿಗ್ಗೆ ಮತ್ತು ಕತ್ತಲಾಗುವ ಮುಂಚೆ ಅದರ ಕಾಟ ಹೆಚ್ಚು. ಮಲೇರಿಯಾ ತರುವ ಅನಾಫಿಲಿಸ್ ಕಚ್ಚುವುದು ರಾತ್ರಿ. ಹಗಲೂ ಇರುಳೂ ನಿದ್ದೆ ಮಾಡುವ ಕೂಸು ಎರಡಕ್ಕೂ ಸಿಗುತ್ತದೆ. ಎರಡು ತಿಂಗಳು ತುಂಬದ ಮಗುವಿನ ಮೈಗೆ ಸೊಳ್ಳೆ ನಿವಾರಕ ಹಚ್ಚಬಾರದು, ಸೊಳ್ಳೆ ಬತ್ತಿಯ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಪರದೆಯೇ ಗತಿ. ಆದರೆ ಅದನ್ನು ಹೇಗೆ ಕಟ್ಟುತ್ತೇವೆ ಎಂಬುದರ ಮೇಲೆ ಮಗುವಿಗೆ ಸಿಗುವ ಗಾಳಿಯೂ ಸುರಕ್ಷತೆಯೂ ನಿಂತಿವೆ.

ಏಪ್ರಿಲ್ ತಿಂಗಳ ಮಂಗಳೂರಿನ ಒಂದು ಮನೆ ಎಂದುಕೊಳ್ಳೋಣ. ನಾಲ್ಕಡಿ ಉದ್ದ, ಎರಡಡಿ ಅಗಲದ, ಸುತ್ತ ಕಂಬಿಗಳಿರುವ ಮರದ ಮಂಚ. ಅದರಲ್ಲಿ ಮೂರು ತಿಂಗಳ ಕೂಸು. ಸೂರಿನ ಒಂದೇ ಕೊಕ್ಕೆಯಿಂದ ಗೋಪುರದಂತೆ ಇಳಿಬಿಡುವ ಪರದೆ ನೋಡಲು ಚೆಂದ. ಆದರೆ ಅದರ ತುದಿಯಲ್ಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಒಟ್ಟುಗೂಡುತ್ತದೆ, ಬದಿಗಳು ಒಳಕ್ಕೆ ವಾಲುತ್ತವೆ. ನಾಲ್ಕು ಮೂಲೆಗೆ ಕಟ್ಟುವ ಪೆಟ್ಟಿಗೆಯಾಕಾರದ ಪರದೆಯಲ್ಲಿ ನೆತ್ತಿಯ ಬಟ್ಟೆ ಒಂದೇ ಪದರ. ಬಿಸಿ ಗಾಳಿ ಮೇಲೇರಿ ಹೊರಹೋಗುತ್ತದೆ. ಪರದೆ ಮಂಚಕ್ಕಿಂತ ಎಲ್ಲ ಬದಿಗೂ ಅರ್ಧ ಅಡಿಯಷ್ಟು ಅಗಲವಾಗಿದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಕಂಬಿಯ ಸಂದಿಯಿಂದ ಹೊರಚಾಚಿದ ಪುಟ್ಟ ಕೈ ಬಟ್ಟೆಗೆ ಅಂಟಿಕೊಂಡಿದ್ದರೆ ಸೊಳ್ಳೆ ಹೊರಗೇ ಕುಳಿತು ಕಚ್ಚುತ್ತದೆ.

ಪರದೆ ಕೊಳ್ಳುವಾಗ ಚೀಟಿಯಲ್ಲಿ 156 ಎಂಬ ಅಂಕಿ ಇದೆಯೇ ನೋಡಬೇಕು. ಒಂದು ಚದರ ಅಂಗುಲಕ್ಕೆ ಅಷ್ಟು ಕಣ್ಣುಗಳಿದ್ದರೆ ಸೊಳ್ಳೆ ತಡೆಯಲು ಸಾಕು. ಅದಕ್ಕಿಂತ ಒತ್ತಾದ ಬಟ್ಟೆ ಗಾಳಿಯನ್ನು ಸುಮ್ಮನೆ ಕಟ್ಟಿಹಾಕುತ್ತದೆ.

ಒಳ್ಳೆಯ ಪರದೆಯೂ ಗಾಳಿಯ ಬೀಸನ್ನು ಗಣನೀಯವಾಗಿ ತಗ್ಗಿಸುತ್ತದೆ. ಉಸಿರಾಟಕ್ಕೆ ಅದರಿಂದ ಅಡ್ಡಿಯಿಲ್ಲ. ತೊಂದರೆಯಾಗುವುದು ಮೈ ತಂಪಾಗುವುದಕ್ಕೆ. ಆದ್ದರಿಂದ ಫ್ಯಾನನ್ನು ಒಂದು ಸುತ್ತು ಜೋರು ಮಾಡಬಹುದು. ಮೇಜಿನ ಫ್ಯಾನಾದರೆ ದೂರದಲ್ಲಿಟ್ಟು, ಮುಖಕ್ಕೆ ನೇರವಾಗಿ ಬೀಸದಂತೆ ತಿರುಗಲು ಬಿಡಬೇಕು. ಸೂರಿನ ಫ್ಯಾನಿನ ನೇರ ಕೆಳಗೆ ಪರದೆಯ ಕೊಕ್ಕೆ ಬೇಡ. ಮಗುವಿಗೆ ಸೆಕೆಯಾಗುತ್ತಿದೆಯೇ ಎಂದು ತಿಳಿಯಲು ಕೈಕಾಲು ಮುಟ್ಟಿದರೆ ಸಾಲದು, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗಕ್ಕೆ ಅಥವಾ ಎದೆಗೆ ಕೈಯಿಡಬೇಕು. ಅಲ್ಲಿ ಬೆವರಿದ್ದರೆ, ಮೈ ಬಿಸಿಯಾಗಿದ್ದರೆ ಒಂದು ಬಟ್ಟೆ ಕಳಚಬೇಕು. ಮಲಗಿರುವಾಗ ಟೋಪಿಯಂತೂ ಬೇಡವೇ ಬೇಡ.

ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು ಒಂದಿದೆ. ಬೆಳಕು ಬೀಳದಿರಲೆಂದೋ, ದೃಷ್ಟಿಯಾಗದಿರಲೆಂದೋ ಪರದೆಯ ಮೇಲೆ ಸೀರೆ, ಟವೆಲ್ ಹೊದಿಸುತ್ತಾರೆ. ಆಗ ಗಾಳಿಯಾಡದೆ ಒಳಗೆ ಬಿಸಿ ಏರುತ್ತದೆ, ಮಗು ಕಣ್ಣಿಗೂ ಕಾಣುವುದಿಲ್ಲ. ಬೆಳಕು ತಡೆಯಬೇಕಿದ್ದರೆ ಕಿಟಕಿಯ ಪರದೆ ಎಳೆದರಾಯಿತು.

ಮಂಚದ ಒಳಗೆ ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಬಿಟ್ಟು ಬೇರೇನೂ ಇರಬಾರದು. ದಿಂಬು, ಬದಿಗಿಡುವ ಮೆತ್ತೆ, ಬೊಂಬೆ ಯಾವುದೂ ಬೇಡ. ಮಗುವನ್ನು ಪ್ರತಿ ಸಲವೂ ಅಂಗಾತ ಮಲಗಿಸಬೇಕು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಕಟ್ಟಿದ ದಾರದ ತುದಿಗಳನ್ನು ಕತ್ತರಿಸಬೇಕು. ಒಂದು ಗೇಣಿಗಿಂತ ಉದ್ದದ ದಾರ ಒಳಗೆ ಜೋತಾಡಿದರೆ ಕತ್ತಿಗೆ ಸುತ್ತಿಕೊಳ್ಳಬಹುದು. ಮುಚ್ಚುವ ಮುಂಚೆ ಒಳಗೆ ಸೊಳ್ಳೆ ಸೇರಿಕೊಂಡಿದೆಯೇ ಎಂದು ಮೂಲೆಗಳನ್ನೂ ನೋಡಬೇಕು. ಔಷಧ ಲೇಪಿಸಿದ ಹೊಸ ಪರದೆಯಾದರೆ ಬಳಸುವ ಮುಂಚೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಿಡಬೇಕು.

ಕೊಡೆಯಂತೆ ಬಿಚ್ಚಿ ಮಗುವಿನ ಮೇಲೆ ಬೋರಲು ಇಡುವ ಪುಟ್ಟ ಪರದೆಗೆ ಆಯುಷ್ಯ ಕಡಿಮೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳೊಳಗೆ ಮಗು ಮಗುಚಿಕೊಳ್ಳಲು ಕಲಿಯುತ್ತದೆ. ಆಗ ಬಟ್ಟೆಗೆ ಮುಖವೊತ್ತಬಹುದು, ಇಡೀ ಕೊಡೆಯನ್ನೇ ತಳ್ಳಿಕೊಂಡು ಹೋಗಬಹುದು. ಮಗು ಹೊರಳಲು ಯತ್ನಿಸಿದ ದಿನವೇ ಅದನ್ನು ಬದಿಗಿಡುವುದು ಒಳ್ಳೆಯದು.

ಅಮೆರಿಕದಲ್ಲಿ ಮಕ್ಕಳ ಆಟದ ಕಟಕಟೆಯ ಮೇಲೆ ಡೇರೆಯಂತೆ ಸಿಕ್ಕಿಸುವ ಬಲೆಯೊಂದು ಮಾರಾಟಕ್ಕಿತ್ತು. 2008ರಲ್ಲಿ ಎರಡು ವರ್ಷದ ಹುಡುಗನೊಬ್ಬನ ಕತ್ತು ಅದರ ಚೌಕಟ್ಟಿಗೂ ಕಟಕಟೆಗೂ ನಡುವೆ ಸಿಲುಕಿ ಜೀವ ಹೋಯಿತು. 2010ರಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿತು. ಸೊಳ್ಳೆ ತಡೆಯಲು ಕಟ್ಟಿದ ಪರದೆ ಹತ್ತುವ ಮಗುವನ್ನು ತಡೆಯಲಾರದು. ಆದ್ದರಿಂದ ಮಗು ಕಂಬಿ ಹಿಡಿದು ಎದ್ದು ನಿಲ್ಲತೊಡಗಿದ ಮೇಲೆ ಮಂಚದ ಪರದೆಯನ್ನು ತೆಗೆದು, ಕಿಟಕಿ ಬಾಗಿಲುಗಳಿಗೇ ಜಾಲರಿ ಹಾಕಿಸಿಕೊಳ್ಳಬೇಕು. ಆಗ ಇಡೀ ಕೋಣೆಯೇ ಪರದೆಯಾಗುತ್ತದೆ, ಫ್ಯಾನಿನ ಗಾಳಿಯೂ ಅಡ್ಡಿಯಿಲ್ಲದೆ ಮಗುವನ್ನು ತಲುಪುತ್ತದೆ.