ಬಿರುಕಿಗೆ ಗಾರೆ ಮೆತ್ತುವ ಮೊದಲು

ಪಕ್ಕದ ಸೈಟಿನಲ್ಲಿ ಸೆಲ್ಲಾರ್‌ಗೆಂದು ಗುಂಡಿ ತೋಡಿದ ಮೇಲೆ ಗೋಡೆ ಬಿರುಕು ಬಿಟ್ಟ ಮನೆಗಳು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ಅಂಥ ಒಂದು ಮನೆಯನ್ನು ನೋಡಿ ಬಂದ ಸ್ಟ್ರಕ್ಚರಲ್ ಇಂಜಿನಿಯರ್, ಮನೆಯ ಯಜಮಾನರಾದ ನಿವೃತ್ತ ಶಿಕ್ಷಕರಿಗೆ ಬರೆದ ಪತ್ರದ ರೂಪದಲ್ಲಿ ಈ ಲೇಖನವಿದೆ.

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಮನೆ ನೋಡಿ ಬಂದಾಗ ನೀವು ಕೇಳಿದ್ದು ಎರಡೇ ಪ್ರಶ್ನೆ. ಮನೆ ಬೀಳುತ್ತದೆಯೇ? ಮೇಸ್ತ್ರಿಯನ್ನು ಕರೆಸಿ ಬಿರುಕು ಮುಚ್ಚಿಸಿಬಿಡಲೇ? ಇವತ್ತಿನ ಸ್ಥಿತಿಯಲ್ಲಿ ಮನೆ ಬೀಳುವ ಲಕ್ಷಣ ಕಾಣಲಿಲ್ಲ. ಆದರೆ ಪೂರ್ವದ ಗೋಡೆಯ ಕೆಳಗಿನ ಮಣ್ಣು ಕದಲಿದೆ, ಕದಲುವುದು ನಿಂತಿದೆಯೋ ಇಲ್ಲವೋ ಇನ್ನೂ ಗೊತ್ತಾಗಬೇಕು. ಅದು ಗೊತ್ತಾಗುವವರೆಗೆ ಯಾವ ಬಿರುಕಿಗೂ ಗಾರೆ ಮೆತ್ತಿಸಬೇಡಿ. ಕಾರಣ ಮುಂದೆ ಬರೆದಿದ್ದೇನೆ.

ಕಂಡದ್ದು

ಬೀದಿಗೆ ಮುಖ ಮಾಡಿದ ಉತ್ತರದ ಗೋಡೆಯಲ್ಲಿ, ಈಶಾನ್ಯದ ಮಲಗುವ ಕೋಣೆಯ ಕಿಟಕಿಯಿಂದ ಒಂದು ಬಿರುಕು ಹೊರಟಿದೆ. ಕಿಟಕಿಯ ಪೂರ್ವದ ಮೇಲ್ಮೂಲೆಯಲ್ಲಿ ಹುಟ್ಟಿ, ಪೂರ್ವಕ್ಕೆ ಓರೆಯಾಗಿ ಏರುತ್ತಾ ಹೋಗಿ ತಾರಸಿಯ ಅಡಿ ಮುಟ್ಟಿದೆ. ಕಿಟಕಿಯ ಹತ್ತಿರ ಅದರ ಅಗಲ ಸುಮಾರು 1 ಮಿಲಿಮೀಟರ್, ಮೇಲೆ 3 ಮಿಲಿಮೀಟರ್. ಪ್ಲಾಸ್ಟರನ್ನು ಸ್ವಲ್ಪ ಕೆರೆದು ನೋಡಿದೆವಲ್ಲ, ಒಳಗೆ ಇಟ್ಟಿಗೆಯೂ ಸೀಳಿದೆ. ಸೀಳಿನ ಅಂಚು ಚೂಪಾಗಿದೆ, ಇಟ್ಟಿಗೆಯ ಬಣ್ಣ ಹೊಸದಾಗಿದೆ. ಅದೇ ಕೋಣೆಯಲ್ಲಿ ನೆಲಕ್ಕೂ ಪೂರ್ವದ ಗೋಡೆಗೂ ನಡುವೆ ಸಂದು ಬಿಟ್ಟಿದೆ. ಬಾಗಿಲು ಮೇಲಿನ ಮೂಲೆಯಲ್ಲಿ ಚೌಕಟ್ಟಿಗೆ ಉಜ್ಜುತ್ತಿದೆ. ಹೊರಗೆ, ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯ ಸಿಮೆಂಟ್ ನೆಲದಲ್ಲಿ ಕಾಂಪೌಂಡಿಗೆ ಸಮಾನಾಂತರವಾಗಿ ಒಂದು ಉದ್ದನೆಯ ಗೆರೆ ಬಿದ್ದಿದೆ. ನೀವು ಅದನ್ನು ಗಮನಿಸಿರಲಿಲ್ಲ. ನನಗೆ ಹೆಚ್ಚು ಕಳವಳ ತಂದದ್ದು ಆ ಗೆರೆಯೇ. ಕೋಣೆಯ ಬಿರುಕು ಗೋಡೆಗೆ ಆದದ್ದನ್ನು ಹೇಳುತ್ತದೆ. ಓಣಿಯ ಗೆರೆ, ಅಲ್ಲಿನ ಮಣ್ಣು ಗುಂಡಿಯ ಕಡೆಗೆ ಜಾರಲು ಶುರುವಾಗಿದೆ ಎನ್ನುತ್ತದೆ.

ನೀವು ತೋರಿಸಿದ ಬೇರೆ ಎರಡು ಬಿರುಕುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಲ್‌ನ ಪಶ್ಚಿಮದ ಗೋಡೆಯಲ್ಲಿ ತಾರಸಿಯ ಕೆಳಗೇ ಅಡ್ಡಲಾಗಿ ಹೋಗಿರುವ ಗೆರೆ ಬಿಸಿಲಿನದು. ಕಾಂಕ್ರೀಟ್ ತಾರಸಿ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಗೋಡೆಯ ತಲೆಯ ಮೇಲೆ ಅಂಥ ಗೆರೆ ಬೀಳುತ್ತದೆ. ಅದರೊಳಗೆ ಹಳೆಯ ಬಣ್ಣ, ಧೂಳು, ಜೇಡರ ಬಲೆ ಎಲ್ಲ ಇದೆ, ಬಹಳ ವರ್ಷದ್ದು. ಅಡುಗೆಮನೆಯ ಗೋಡೆಯ ಮೇಲೆ ಬಲೆಯಂತೆ ಹರಡಿರುವ ಕೂದಲೆಳೆ ಗೆರೆಗಳು ಪ್ಲಾಸ್ಟರ್ ಒಣಗುವಾಗ ಕುಗ್ಗಿದ ಗುರುತು. ಇವೆರಡನ್ನೂ ದೂರಿನಲ್ಲಿ ಸೇರಿಸಬೇಡಿ. ಹಳೆಯ ಬಿರುಕನ್ನು ಪಕ್ಕದವರ ತಲೆಗೆ ಕಟ್ಟಿದರೆ ಅವರ ಇಂಜಿನಿಯರ್ ಅದನ್ನೇ ಹಿಡಿದು ಹೊಸ ಬಿರುಕನ್ನೂ ಅಲ್ಲಗಳೆಯುತ್ತಾರೆ.

ಯಾಕೆ ಹೀಗಾಯಿತು

ನಿಮ್ಮದು 1986ರಲ್ಲಿ ಕಟ್ಟಿದ ಮನೆ. ಕಂಬಗಳಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ಭಾರ ಹೊತ್ತಿವೆ. ಗೋಡೆಯ ಕೆಳಗೆ ಸೈಜುಗಲ್ಲಿನ ಪಾಯ, ನೀವು ಹೇಳಿದಂತೆ 4 ಅಡಿ ಆಳ. ಆ ಪಾಯದ ಭಾರ ನೇರ ಕೆಳಕ್ಕಷ್ಟೇ ಹೋಗುವುದಿಲ್ಲ, ಮಣ್ಣಿನಲ್ಲಿ ಅಕ್ಕಪಕ್ಕಕ್ಕೂ ಹರಡಿಕೊಂಡು ಇಳಿಯುತ್ತದೆ. ಸ್ಥೂಲ ಲೆಕ್ಕಕ್ಕೆ ನಾವು ಪಾಯದ ತಳದ ಅಂಚಿನಿಂದ 45 ಡಿಗ್ರಿ ಓರೆಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದುಕೊಳ್ಳುತ್ತೇವೆ. ಆ ಗೆರೆಯ ಕೆಳಗಿನ ಮಣ್ಣು ನಿಮ್ಮ ಗೋಡೆಯನ್ನು ಹೊತ್ತಿರುವ ಮಣ್ಣು.

ನಿಮ್ಮ ಪಾಯದ ಅಂಚಿನಿಂದ ಗುಂಡಿಯ ಅಂಚಿಗೆ ಇರುವ ದೂರ ಸುಮಾರು 3 ಅಡಿ. 45 ಡಿಗ್ರಿಯ ಗೆರೆ 3 ಅಡಿ ಪಕ್ಕಕ್ಕೆ ಹೋಗುವಷ್ಟರಲ್ಲಿ 3 ಅಡಿ ಕೆಳಗೂ ಇಳಿದಿರುತ್ತದೆ. ಪಾಯದ 4 ಅಡಿ, ಈ 3 ಅಡಿ ಸೇರಿ ನೆಲಮಟ್ಟದಿಂದ 7 ಅಡಿ. ಅಂದರೆ ಪಕ್ಕದವರು ಯಾವ ಆಸರೆಯೂ ಇಲ್ಲದೆ ತೋಡಬಹುದಾಗಿದ್ದದ್ದು ಹೆಚ್ಚೆಂದರೆ 7 ಅಡಿ, ಅದೂ ಮಣ್ಣು ಗಟ್ಟಿಯಾಗಿದ್ದು ಮಳೆ ಬಾರದಿದ್ದರೆ. ಅವರು ತೋಡಿರುವುದು 10 ಅಡಿ. ಕೊನೆಯ 3 ಅಡಿ ನಿಮ್ಮ ಗೋಡೆ ಹೊತ್ತ ಮಣ್ಣಿನೊಳಕ್ಕೇ ಇಳಿದಿದೆ. ಗುಂಡಿಯ ಗೋಡೆಗೆ ಹಲಗೆಯಿಲ್ಲ, ಮರಳಿನ ಮೂಟೆಯಿಲ್ಲ, ಜೆಸಿಬಿಯ ಹಲ್ಲಿನ ಗುರುತು ಹಾಗೇ ಕಾಣುತ್ತದೆ. ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಪುಸ್ತಕಗಳ ಕೊನೆಯ ಆನಿಕೆ ತೆಗೆದರೆ ಅಂಚಿನ ಪುಸ್ತಕ ಮೊದಲು ವಾಲುತ್ತದಲ್ಲ, ಹಾಗೆ ಅಂಚಿನ ಮಣ್ಣು ಮೊದಲು ಸರಿಯಿತು. ಅದರ ಮೇಲಿದ್ದ ಪೂರ್ವದ ಗೋಡೆ ಒಂದಿಷ್ಟು ಇಳಿಯಿತು, ಒಂದಿಷ್ಟು ಹೊರಕ್ಕೆ ಹೋಯಿತು.

ಬಿರುಕಿನ ಆಕಾರವೇ ಇದಕ್ಕೆ ಸಾಕ್ಷಿ. ಗೋಡೆಯ ಒಂದು ತುದಿ ಇಳಿದಾಗ ಬಿರುಕು ಇಳಿದ ತುದಿಯ ಕಡೆಗೆ ಓರೆಯಾಗಿ ಏರುತ್ತದೆ, ಮೇಲೆ ಹೋದಷ್ಟೂ ಅಗಲವಾಗುತ್ತದೆ. ನಿಮ್ಮಲ್ಲಿ ಆಗಿರುವುದು ಅದೇ. ಜೆಸಿಬಿಯ ಅದುರುವಿಕೆಯಿಂದ ಹೀಗಾಯಿತು ಎಂದು ನೀವು ಹೇಳಿದಿರಿ. ಯಂತ್ರದ ಅದುರಿಗೆ ಸಡಿಲವಾದ ಪ್ಲಾಸ್ಟರ್ ಉದುರಬಹುದು. ಆದರೆ ಒಂದೇ ಮೂಲೆಯಲ್ಲಿ, ಒಂದೇ ದಿಕ್ಕಿಗೆ, ಇಟ್ಟಿಗೆಯನ್ನೇ ಸೀಳಿಕೊಂಡು ಹೋಗುವ ಬಿರುಕು ಮಣ್ಣು ಸರಿದದ್ದರಿಂದಲೇ ಆಗುವಂಥದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಅದುರಿನಿಂದ ಆಗಿದ್ದರೆ ಯಂತ್ರ ನಿಂತ ದಿನ ತೊಂದರೆಯೂ ನಿಲ್ಲುತ್ತಿತ್ತು. ಮಣ್ಣು ಹಾಗಲ್ಲ, ಗುಂಡಿ ಬಾಯಿ ತೆರೆದಿರುವವರೆಗೂ ಅದು ಜಾರಬಹುದು. ಒಂದು ದೊಡ್ಡ ಮಳೆ ಸಾಕು.

ಈ ವಾರ ಆಗಬೇಕಾದದ್ದು

ಮೊದಲನೆಯದು ಗುಂಡಿ. ಪಕ್ಕದ ಮಾಲೀಕರನ್ನೂ ಅವರ ಇಂಜಿನಿಯರನ್ನೂ ಕರೆದು, ನಿಮ್ಮ ಕಡೆಯ ಅಗೆತ ತಕ್ಷಣ ನಿಲ್ಲಿಸಲು ಹೇಳಿ. ಆ ಬದಿಗೆ ಮರಳಿನ ಮೂಟೆ ಪೇರಿಸಿ, ಹಿಂದೆ ಮಣ್ಣನ್ನು ಇಳಿಜಾರಾಗಿ ತುಂಬಿಸಬೇಕು. ಮುಂದೆ ಅಲ್ಲಿ ತಡೆಗೋಡೆ ಕಟ್ಟುವಾಗಲೂ ಉದ್ದಕ್ಕೆ ಒಮ್ಮೆಗೇ ತೆರೆಯಬಾರದು. ನಾಲ್ಕೈದು ಅಡಿಯ ಒಂದು ತುಂಡು ತೆರೆದು, ಅಲ್ಲಿ ಗೋಡೆ ಎಬ್ಬಿಸಿ, ಅದು ಗಟ್ಟಿಯಾದ ಮೇಲೆ ಒಂದು ತುಂಡು ಬಿಟ್ಟು ಮುಂದಿನದನ್ನು ತೆರೆಯಬೇಕು. ಇದಕ್ಕೆ ದಿನ ಹೆಚ್ಚು ಹಿಡಿಯುತ್ತದೆ, ಗುತ್ತಿಗೆದಾರರು ಒಪ್ಪಲು ಹಿಂಜರಿಯುತ್ತಾರೆ. ನೀವು ಬಿಡಬೇಡಿ.

ಎರಡನೆಯದು ನೀರು. ನಿಮ್ಮ ತಾರಸಿಯ ಮಳೆನೀರಿನ ಪೈಪು ಪೂರ್ವದ ಓಣಿಗೇ ಬೀಳುತ್ತದೆ. ಅದನ್ನು ಬೀದಿಯ ಕಡೆಗೆ ತಿರುಗಿಸಿ. ಓಣಿಯ ಗೆರೆಯೊಳಗೆ ನೀರು ಇಳಿಯದಂತೆ ಮೇಲೆ ಪ್ಲಾಸ್ಟಿಕ್ ಹೊದಿಸಿ. ಅದೇ ಓಣಿಯ ಕೆಳಗೆ ನಿಮ್ಮ ಒಳಚರಂಡಿ ಪೈಪೂ ಹೋಗಿದೆ. ಮಣ್ಣು ಸರಿದಾಗ ಪೈಪಿನ ಜೋಡಣೆ ಬಿಟ್ಟಿರಬಹುದು, ಸೋರುವ ನೀರು ಪಾಯದ ಕೆಳಗಿನ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಪ್ಲಂಬರನ್ನು ಕರೆಸಿ ಪರೀಕ್ಷಿಸಿ.

ಮೂರನೆಯದು ಅಳತೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ. ಬಿರುಕಿನ ಆಚೆ ಈಚೆ, ಪ್ಲಾಸ್ಟರಿಗಲ್ಲ, ಇಟ್ಟಿಗೆಗೇ ತಾಗುವಂತೆ ಎರಡು ಸ್ಕ್ರೂ ಬಿಗಿಸಿ. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಅವುಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊತ್ತು ಒಂದೇ ಇರಬೇಕು, ಯಾಕೆಂದರೆ ಬಿಸಿಲಿಗೆ ಗೋಡೆಯೂ ಒಂದಿಷ್ಟು ಹಿಗ್ಗುತ್ತದೆ. ಮೊದಲ ಅಳತೆ 100.2 ಮಿಲಿಮೀಟರ್ ಇದ್ದು, ಮುಂದಿನ ವಾರಗಳಲ್ಲಿ 100.3, 100.2, 100.3 ಎಂದು ಬಂದರೆ ಗೋಡೆ ನಿಂತಿದೆ. 100.6, 101.1, 101.7 ಎಂದು ಏರುತ್ತಲೇ ಹೋದರೆ ಮಣ್ಣು ಇನ್ನೂ ಜಾರುತ್ತಿದೆ, ಕೂಡಲೇ ನನಗೆ ಫೋನ್ ಮಾಡಿ. ತೂಗುಗುಂಡು ಬಿಟ್ಟು ನೋಡಿದಾಗ ಪೂರ್ವದ ಗೋಡೆ 10 ಅಡಿ ಎತ್ತರಕ್ಕೆ 6 ಮಿಲಿಮೀಟರ್ ಹೊರಕ್ಕೆ ವಾಲಿತ್ತು. ಕಟ್ಟಿದಾಗಲೇ ಅಷ್ಟು ವಾಲಿದ್ದಿರಬಹುದು. ಆದ್ದರಿಂದ ಆ 6 ಸಾಕ್ಷಿಯಲ್ಲ. ಅದು 8 ಆದರೆ, 10 ಆದರೆ, ಅದು ಸಾಕ್ಷಿ.

ಅಲ್ಲಿಯವರೆಗೆ ಈಶಾನ್ಯದ ಕೋಣೆಯಲ್ಲಿ ಯಾರೂ ಮಲಗಬೇಡಿ. ಬಿರುಕು ದಿನದಿಂದ ದಿನಕ್ಕೆ ಕಣ್ಣಿಗೇ ಕಾಣುವಂತೆ ಅಗಲವಾದರೆ, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿದುಕೊಂಡರೆ, ಗೋಡೆಯಿಂದ ಲಟಲಟ ಸದ್ದು ಬಂದರೆ, ಗುಂಡಿಯ ಬದಿಯಿಂದ ಮಣ್ಣು ಉದುರುತ್ತಲೇ ಇದ್ದರೆ, ಸಾಮಾನು ನೋಡುತ್ತಾ ನಿಲ್ಲದೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಕಾಗದದ ಕೆಲಸ

ಪಕ್ಕದವರೊಂದಿಗೆ ಮಾತು ಎಷ್ಟೇ ಚೆನ್ನಾಗಿದ್ದರೂ ವಿಷಯವನ್ನು ಬರೆದೇ ಕೊಡಿ, ಕೊಟ್ಟದ್ದಕ್ಕೆ ಸಹಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ಎರಡೂ ಕಡೆಯವರು ಸೇರಿ ಮನೆ ನೋಡಿ, ಕಂಡದ್ದನ್ನು ಪಟ್ಟಿ ಮಾಡಿ ಸಹಿ ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಪಾಲಿಕೆಯ ವಾರ್ಡ್ ಇಂಜಿನಿಯರಿಗೆ ಲಿಖಿತ ದೂರು ಕೊಟ್ಟು, ಮಂಜೂರಾದ ನಕ್ಷೆಯಲ್ಲಿ ಸೆಲ್ಲಾರ್ ಇದೆಯೇ, ಎಷ್ಟು ಆಳಕ್ಕಿದೆ ಎಂದು ಕೇಳಿ.

ಕಾನೂನೂ ನಿಮ್ಮ ಪಾಲಿಗಿದೆ. 1882ರ ಈಸ್‌ಮೆಂಟ್ ಕಾಯ್ದೆ, ಪಕ್ಕದ ನೆಲದಿಂದ ಸಹಜವಾಗಿ ಸಿಗುವ ಆಸರೆಯನ್ನು ಪ್ರತಿ ನೆಲದ ಒಡೆಯನ ಹಕ್ಕೆಂದು ಗುರುತಿಸುತ್ತದೆ. ಮನೆ ಕಟ್ಟಿ ಭಾರ ಹೆಚ್ಚಿಸಿದ ನೆಲಕ್ಕೂ, ಆ ಆಸರೆಯನ್ನು ತಂಟೆ ತಕರಾರಿಲ್ಲದೆ 20 ವರ್ಷ ಪಡೆದಿದ್ದರೆ ಹಕ್ಕು ಸಿಗುವ ದಾರಿ ಅದರಲ್ಲಿದೆ. ನಿಮ್ಮ ಮನೆ ಆ ಅವಧಿಯನ್ನು ಯಾವಾಗಲೋ ದಾಟಿದೆ. ಅವರು ಅಗೆತ ನಿಲ್ಲಿಸದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು, ಸ್ಥಳ ನೋಡಿ ವರದಿ ಕೊಡಲು ಕಮಿಷನರನ್ನು ನೇಮಿಸುವಂತೆಯೂ ಕೋರಬಹುದು. ಆಗ ನಿಮ್ಮ ಭಾನುವಾರದ ನೋಟ್‌ಬುಕ್ಕು ತುಂಬಾ ಉಪಯೋಗಕ್ಕೆ ಬರುತ್ತದೆ.

ಗಾರೆ ಬೇಡ ಎಂದದ್ದು ಇದಕ್ಕೇ. ಗಾರೆ ಮೆತ್ತಿದರೆ ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವ ದಾರಿ ಮುಚ್ಚಿಹೋಗುತ್ತದೆ, ಸಾಕ್ಷಿಯೂ ಅಳಿಯುತ್ತದೆ. ಪೇಂಟಿನ ಖರ್ಚು ಕೊಡುತ್ತೇವೆ, ಇನ್ನು ತಕರಾರಿಲ್ಲ ಎಂದು ಬರೆದುಕೊಡಿ ಎಂದು ಯಾರಾದರೂ ಬರಬಹುದು. ಈಗಲೇ ಸಹಿ ಹಾಕಬೇಡಿ. ಒಟ್ಟು ಖರ್ಚು ಎಷ್ಟೆಂದು ಇವತ್ತು ಯಾರಿಗೂ ಹೇಳಲಾಗದು.

ರಿಪೇರಿ

ಪಕ್ಕದ ತಡೆಗೋಡೆ ಮೇಲೆದ್ದು, ಅದರ ಹಿಂದೆ ಮಣ್ಣು ತುಂಬಿ ದಮ್ಮಸ್ಸು ಮಾಡಿದ ಮೇಲೆ ಒಂದು ಮಳೆಗಾಲ ಕಳೆಯಲಿ. ಆ ಅವಧಿಯ ಅಳತೆಗಳು ಒಂದೇ ಸಮನಾಗಿದ್ದರೆ ರಿಪೇರಿ ದೊಡ್ಡದಲ್ಲ. 5 ಮಿಲಿಮೀಟರ್ ಒಳಗಿನ ಬಿರುಕು ಮನೆಯ ಬಲಕ್ಕೆ ಸಾಮಾನ್ಯವಾಗಿ ಧಕ್ಕೆ ತರುವುದಿಲ್ಲ. ಬಿರುಕಿಗೆ ಅಡ್ಡಲಾಗಿ ಕೆಲವು ವರಸೆಗೊಂದರಂತೆ ಇಟ್ಟಿಗೆ ಸಂದಿನ ಗಾರೆ ಕೆತ್ತಿ, ಅದರಲ್ಲಿ ತೆಳುವಾದ ಉಕ್ಕಿನ ಸರಳು ಕೂರಿಸಿ ಹೊಲಿಗೆ ಹಾಕುತ್ತೇವೆ. ಸೀಳಿಗೆ ಸಿಮೆಂಟ್ ಹಾಲು ತುಂಬಿ, ಮೇಲೆ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಿದರೆ ಆಯಿತು. ಅಳತೆ ಏರುತ್ತಲೇ ಇದ್ದರೆ ಮಾತ್ರ ಪಾಯವನ್ನೇ ಕೆಳಗಿನ ಗಟ್ಟಿ ಮಣ್ಣಿನವರೆಗೆ ತುಂಡು ತುಂಡಾಗಿ ಇಳಿಸಬೇಕಾಗುತ್ತದೆ. ಅದು ದುಬಾರಿ ಕೆಲಸ, ಅದರ ಖರ್ಚನ್ನು ಕೇಳುವ ಹಕ್ಕು ನಿಮಗೆ ಉಳಿದಿರಬೇಕು.

ಇನ್ನೊಂದು ಮಾತು. ಹಿಂದಿನ ಬೀದಿಯ ಸೈಟೂ ಮಾರಾಟವಾಗಿದೆ ಎಂದಿರಿ. ಆ ಕಡೆಯ ಗೋಡೆಗಳ ಫೋಟೊಗಳನ್ನು ಈಗಲೇ, ಅಲ್ಲಿ ಜೆಸಿಬಿ ಬರುವ ಮೊದಲೇ, ತಾರೀಖು ಸಮೇತ ತೆಗೆದಿಡಿ. ಹೊಸ ಮಾಲೀಕರಿಗೆ ಒಂದು ಪ್ರತಿ ಕಳಿಸಿ, ನಿಮ್ಮ ಪಾಯ 4 ಅಡಿ ಆಳದ್ದು ಎಂದೂ ಬರೆದು ತಿಳಿಸಿ. ಪೂರ್ವದ ಕಡೆ ಈ ಕೆಲಸ ಮೊದಲೇ ಆಗಿದ್ದರೆ ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ವಾದವೇ ಏಳುತ್ತಿರಲಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಸ್ಟ್ರಕ್ಚರಲ್ ಇಂಜಿನಿಯರ್